33,750 ರೂಪಾಯಿ ಫರಕು: ಕಂಟ್ರೋಲ್ ಖಾತೆಯನ್ನು ಸಾಲು ಸಾಲಾಗಿ ಬಿಚ್ಚಿ ನೋಡಿ

ಪ್ರಶ್ನೆ: ಸರ್, ನಾನು ಕಲಬುರಗಿ ನೆಹರು ಗಂಜ್‌ನಲ್ಲಿ ತೊಗರಿ ಬೇಳೆ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೀತೀನಿ. ಮಾರ್ಚ್ ಕೊನೆಗೆ ಡೆಟರ್ಸ್ ಕಂಟ್ರೋಲ್ ಅಕೌಂಟ್ 9,22,800 ರೂಪಾಯಿ ತೋರಿಸ್ತಿದೆ. 62 ಗಿರಾಕಿಗಳ ಖಾತೆ ಬಾಕಿ ಕೂಡಿಸಿದ್ರೆ 9,56,550 ಬರ್ತದೆ. ಫರಕು 33,750. 9ರಿಂದ ಭಾಗ ಆಗ್ತದೆ, ಅಂಕಿ ಹಿಂದೆ ಮುಂದೆ ಆಗಿರಬೇಕು ಅಂತ ಗೆಳೆಯ ಹೇಳಿದ. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಮಾತ್ರ ಸರಿ ಇದೆ. ಈ ಫರಕನ್ನು ಸಸ್ಪೆನ್ಸ್‌ಗೆ ಹಾಕಿಬಿಡಬಹುದಾ? ಪುಸ್ತಕದ ಫೋಟೊ ಕಳಿಸಿದ್ದೇನೆ.

ಉತ್ತರ: ಸಸ್ಪೆನ್ಸ್‌ಗೆ ಹಾಕಬೇಡಿ. ಫೋಟೊದಲ್ಲಿರುವ ಲೆಕ್ಕವನ್ನು ನಾನೂ ಕೂತು ಕೂಡಿಸಿದೆ. ನಿಮ್ಮ ಫರಕು ಒಂದು ತಪ್ಪಿನಿಂದ ಬಂದಿಲ್ಲ, ನಾಲ್ಕು ತಪ್ಪು ಸೇರಿ ಆಗಿದೆ. ಎರಡು ಕಂಟ್ರೋಲ್ ಖಾತೆ ಕಡೆ ಇವೆ, ಎರಡು ಗಿರಾಕಿಗಳ ಪಟ್ಟಿ ಕಡೆ. ಎರಡು ದಿನ ಹುಡುಕಿದರೂ ಸಿಗದಿರಲು ಅದೇ ಕಾರಣ.

ಮೊದಲು ಆ 9ರ ವಿಷಯ. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ಫರಕು 9ರಿಂದ ಭಾಗವಾಗುತ್ತದೆ, ಇದು ನಿಜ. ಆದರೆ ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ಭಾಗಿಸಿದ ಮೇಲೆ ಬಂದ ಉತ್ತರ ಒಂದೇ ಅಂಕಿ ಆಗಿರಬೇಕು, ಅದರ ಹಿಂದೆ ಸೊನ್ನೆ ಮಾತ್ರ ಇರಬಹುದು. 4, 30, 700, 1,000 ಈ ರೀತಿ. 33,750ನ್ನು 9ರಿಂದ ಭಾಗಿಸಿದರೆ 3,750 ಬರುತ್ತದೆ. ಅಕ್ಕಪಕ್ಕದ ಯಾವ ಎರಡು ಅಂಕಿ ಅದಲಾದರೂ ಈ ಉತ್ತರ ಬರಲು ಸಾಧ್ಯವಿಲ್ಲ. ಬೇರೆ ಬೇರೆ ತಪ್ಪುಗಳು ಕೂಡಿ ಕಳೆದು ಆಕಸ್ಮಿಕವಾಗಿ 9ರ ಮಗ್ಗಿಯಲ್ಲಿ ಬಂದಿವೆ, ಅಷ್ಟೇ. ಈ ಉಪಾಯಗಳು ಒಂದೇ ತಪ್ಪು ಉಳಿದಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಮೊದಲೇ ಹಿಡಿದುಕೊಂಡು ಹೊರಟರೆ ದಾರಿ ತಪ್ಪಿಸುತ್ತವೆ.

ಈಗ ಟ್ರಯಲ್ ಬ್ಯಾಲೆನ್ಸ್. ಅದು ಸರಿ ಇದೆಯಲ್ಲ, ಮತ್ತೆ ತಪ್ಪು ಎಲ್ಲಿ ಅಂತ ನಿಮಗೆ ಅನಿಸಿರಬಹುದು. ನಿಮ್ಮ ಅಂಗಡಿಯ ಪದ್ಧತಿ ನೋಡಿ. ಉದ್ರಿ ಬಿಲ್ಲುಗಳು ಮೊದಲು ಮಾರಾಟ ಪುಸ್ತಕಕ್ಕೆ ಹೋಗುತ್ತವೆ. ಅಲ್ಲಿಂದ ಎರಡು ದಾರಿ ಆಗುತ್ತವೆ. ತಿಂಗಳ ಒಟ್ಟು ಮೊತ್ತ ಒಂದೇ ಸಲ ಕಂಟ್ರೋಲ್ ಖಾತೆಗೆ ಹೋಗುತ್ತದೆ. ಒಂದೊಂದು ಬಿಲ್ಲು ಪ್ರತ್ಯೇಕವಾಗಿ ಆಯಾ ಗಿರಾಕಿಯ ಖಾತೆಗೆ ಹೋಗುತ್ತದೆ. ವಸೂಲಿ, ವಾಪಸ್ ಬಂದ ಮಾಲು, ಬಿಟ್ಟುಕೊಟ್ಟ ಡಿಸ್ಕೌಂಟ್, ಎಲ್ಲವೂ ಹೀಗೆಯೇ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಕೂತಿರುವುದು ಕಂಟ್ರೋಲ್ ಖಾತೆ ಮಾತ್ರ. 62 ಗಿರಾಕಿಗಳ ಪುಸ್ತಕ ಅದರ ಹೊರಗಿದೆ, ನೆನಪಿಗೆ ಇಟ್ಟ ವಿವರ ಅದು. ಆದ್ದರಿಂದ ಆ ಪುಸ್ತಕದಲ್ಲಿ ಏನೇ ತಪ್ಪಿದ್ದರೂ ಟ್ರಯಲ್ ಬ್ಯಾಲೆನ್ಸ್‌ಗೆ ಗೊತ್ತಾಗುವುದಿಲ್ಲ. ಮಾರಾಟದ ಒಟ್ಟು ಮೊತ್ತವೇ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಯಾಕೆಂದರೆ ಅದೇ ತಪ್ಪು ಮೊತ್ತ ಮಾರಾಟ ಖಾತೆಗೂ ಕಂಟ್ರೋಲ್ ಖಾತೆಗೂ ಸಮನಾಗಿ ಹೋಗಿರುತ್ತದೆ.

ನಿಮ್ಮ ಕಂಟ್ರೋಲ್ ಖಾತೆ ಹೀಗಿದೆ. ಮಾರ್ಚ್ 1ರ ಬಾಕಿ 8,42,300. ಉದ್ರಿ ಮಾರಾಟ 12,67,450. ಬ್ಯಾಂಕಿನಿಂದ ವಾಪಸ್ ಬಂದ ಚೆಕ್ 38,000. ಈ ಮೂರೂ ಡೆಬಿಟ್. ಕ್ರೆಡಿಟ್ ಕಡೆ ವಸೂಲಿ 11,93,600, ಮಾಲು ವಾಪಸ್ 24,150, ಡಿಸ್ಕೌಂಟ್ 7,200. ಉಳಿದ ಬಾಕಿ 9,22,800. ಕೂಡಿಕೆ ಕಳೆಯುವಿಕೆ ಸರಿಯಾಗಿದೆ.

ಫೆಬ್ರವರಿ ಕೊನೆಗೆ ಎರಡೂ ಕಡೆ ತಾಳೆಯಾಗಿತ್ತು ಅನ್ನುವುದು ನಿಮ್ಮ ಪುಸ್ತಕದಿಂದ ಕಾಣುತ್ತದೆ. ಇದು ದೊಡ್ಡ ಅನುಕೂಲ. ತಪ್ಪು ಮಾರ್ಚ್ ತಿಂಗಳಲ್ಲೇ ಇದೆ, ಹಿಂದೆ ಹೋಗಬೇಕಿಲ್ಲ. ವರ್ಷಕ್ಕೊಮ್ಮೆ ತಾಳೆ ನೋಡುವ ಅಂಗಡಿಗಳಲ್ಲಿ ಹನ್ನೆರಡು ತಿಂಗಳ ಬಿಲ್ಲು ಬಿಚ್ಚಬೇಕಾಗುತ್ತದೆ.

ಈಗ ಹುಡುಕುವ ಕ್ರಮ. ಒಂದೊಂದು ಬಿಲ್ಲಿಗೂ ಟಿಕ್ ಹಾಕುತ್ತಾ ಹೋಗಬೇಡಿ. ಎಕ್ಸೆಲ್‌ನಲ್ಲಿ ಅಗಲವಾದ ಒಂದು ಹಾಳೆ ಮಾಡಿ. ಒಬ್ಬ ಗಿರಾಕಿಗೆ ಒಂದು ಸಾಲು. A ಕಾಲಂನಲ್ಲಿ ಹೆಸರು, B ಆರಂಭದ ಬಾಕಿ, C ಮಾರಾಟ, D ವಾಪಸ್ ಬಂದ ಚೆಕ್, E ವಸೂಲಿ, F ಮಾಲು ವಾಪಸ್, G ಡಿಸ್ಕೌಂಟ್, H ವಜಾ. ಗಿರಾಕಿ ನಮಗೆ ಮಾಲು ಕೊಡುವವನೂ ಆಗಿದ್ದು ಎರಡು ಬಾಕಿಯನ್ನು ಒಂದಕ್ಕೊಂದು ವಜಾ ಮಾಡಿದ್ದರೆ ಅದು H ಕಾಲಂಗೆ. ಮಾರ್ಚ್ 1ಕ್ಕೆ ಯಾರದಾದರೂ ಮುಂಗಡ ಉಳಿದಿದ್ದರೆ B ಕಾಲಂನಲ್ಲಿ ಮೈನಸ್ ಹಾಕಿ. I ಕಾಲಂನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=B2+C2+D2-E2-F2-G2-H2
```

ಅಂಕಿಗಳನ್ನು ಗಿರಾಕಿಗಳ ಖಾತೆ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು, ಮಾರಾಟ ಪುಸ್ತಕದಿಂದ ಅಲ್ಲ. ಇಲ್ಲದಿದ್ದರೆ ಒಂದೇ ಮೂಲವನ್ನು ಅದಕ್ಕೇ ಹೋಲಿಸಿದಂತಾಗುತ್ತದೆ. ಆಮೇಲೆ ಪ್ರತಿ ಕಾಲಂ ಕೂಡಿಸಿ, ಕಂಟ್ರೋಲ್ ಖಾತೆಯ ಅದೇ ಸಾಲಿನ ಪಕ್ಕದಲ್ಲಿಡಿ. ನಾನು ಮಾಡಿದಾಗ ಬಂದದ್ದು ಇದು:

| ವಿವರ | ಕಂಟ್ರೋಲ್ ಖಾತೆ | 62 ಖಾತೆಗಳ ಮೊತ್ತ |
|---|---|---|
| ಆರಂಭದ ಬಾಕಿ | 8,42,300 | 8,42,300 |
| ಉದ್ರಿ ಮಾರಾಟ | 12,67,450 | 12,76,450 |
| ವಾಪಸ್ ಬಂದ ಚೆಕ್ | 38,000 | 38,000 |
| ವಸೂಲಿ | 11,93,600 | 11,93,600 |
| ಮಾಲು ವಾಪಸ್ | 24,150 | 18,400 |
| ಡಿಸ್ಕೌಂಟ್ | 7,200 | 7,200 |
| ವಜಾ | ಇಲ್ಲ | 12,000 |
| ಕೊನೆಯ ಬಾಕಿ | 9,22,800 | 9,25,550 |

ನೋಡಿ, 33,750 ಎಂಬ ಗಂಟು ಬಿಚ್ಚಿಕೊಂಡಿತು. ನಾಲ್ಕು ಸಾಲು ಸರಿ ಇವೆ, ಈ ಫರಕಿಗಾಗಿ ಅವನ್ನು ಇನ್ನು ಮುಟ್ಟಬೇಕಿಲ್ಲ. ವಸೂಲಿ ಸಾಲೇ ಎಲ್ಲಕ್ಕಿಂತ ಉದ್ದ, ಅದನ್ನು ಹುಡುಕುವ ಕೆಲಸವೇ ಇಲ್ಲವಾಯಿತು.

ಮಾರಾಟದ ಸಾಲಿನಲ್ಲಿ ಫರಕು 9,000. ಇಲ್ಲಿ ಆ 9ರ ಪರೀಕ್ಷೆ ಹಾಕಿ. ಉತ್ತರ 1,000. ಒಂದೇ ಅಂಕಿ, ಹಿಂದೆ ಸೊನ್ನೆ. ಅಂದರೆ ಸಾವಿರದ ಮತ್ತು ಹತ್ತು ಸಾವಿರದ ಸ್ಥಾನದ ಅಂಕಿ ಅದಲಾಗಿರಬೇಕು, ಆ ಎರಡು ಅಂಕಿಗಳ ನಡುವೆ ಒಂದರ ವ್ಯತ್ಯಾಸ ಇರಬೇಕು. ಮಾರಾಟ ಪುಸ್ತಕದಲ್ಲಿ ಮೊದಲ ಪುಟದ ಕೊನೆಯ ಮೊತ್ತ 5,87,200. ಮುಂದಿನ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ' ಎಂದು ಬರೆದದ್ದು 5,78,200. 87 ಹೋಗಿ 78 ಆಗಿದೆ. ಪುಟ ತಿರುಗಿಸುವಾಗ ಆಗುವ ತಪ್ಪು ಇದು, ಕೈಬರಹದ ಪುಸ್ತಕದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಕಂಡದ್ದೂ ಇದನ್ನೇ. ಒಂದೊಂದು ಬಿಲ್ಲು ಗಿರಾಕಿ ಖಾತೆಗೆ ಸರಿಯಾಗಿ ಹೋಗಿದೆ. ಒಟ್ಟು ಮೊತ್ತ ಮಾತ್ರ ತಪ್ಪು. ಹಾಗಾಗಿ ಜರ್ನಲ್ ಎಂಟ್ರಿ ಬೇಕು: ಕಂಟ್ರೋಲ್ ಖಾತೆಗೆ 9,000 ಡೆಬಿಟ್, ಮಾರಾಟ ಖಾತೆಗೆ 9,000 ಕ್ರೆಡಿಟ್. ಗಿರಾಕಿಗಳ ಖಾತೆ ಮುಟ್ಟುವಂತಿಲ್ಲ.

ಇಲ್ಲಿ ಒಂದು ಮಾತು. ಜಿಎಸ್‌ಟಿ ಹಾಕಿದ ಬಿಲ್ಲಾದರೆ ತೆರಿಗೆ ಸೇರಿದ ಪೂರ್ತಿ ಮೊತ್ತ ಕಂಟ್ರೋಲ್ ಖಾತೆಗೆ ಬರಬೇಕು. ಗಿರಾಕಿ ನಮಗೆ ಕೊಡಬೇಕಾದದ್ದು ಅಷ್ಟೂ ಅಲ್ವಾ. ಮಾರಾಟ ಖಾತೆಗೆ ಮಾತ್ರ ತೆರಿಗೆ ಬಿಟ್ಟ ಮೊತ್ತ. ನೀವು ಕಳಿಸಿದ ಪುಟಗಳಲ್ಲಿ ತೆರಿಗೆ ಇಲ್ಲದ ಬಿಲ್ಲುಗಳೇ ಇವೆ, ಆದ್ದರಿಂದ ಎಂಟ್ರಿ ಸರಳವಾಗಿದೆ.

ಮಾಲು ವಾಪಸ್ ಸಾಲಿನಲ್ಲಿ 5,750 ಫರಕು. ತಪ್ಪು ಬದಿಗೆ ಬಿದ್ದ ಅಂಕಿ ಹುಡುಕಲು ಅರ್ಧ ಮಾಡಿದರೂ, 9ರಿಂದ ಭಾಗಿಸಿದರೂ ಇದರಲ್ಲಿ ಸುಳಿವು ಇಲ್ಲ. ಆಗ ಅದೇ ಮೊತ್ತದ ಒಂದು ಎಂಟ್ರಿ ಬಿಟ್ಟುಹೋಗಿದೆಯೇ ನೋಡಬೇಕು. ಇದೆ. ಶಹಾಪುರದ ಗಿರಾಕಿ ಬೇಳೆಯಲ್ಲಿ ನುಚ್ಚು ಜಾಸ್ತಿ ಇದೆ ಎಂದು 50 ಕೆಜಿಯ ಒಂದು ಚೀಲ ವಾಪಸ್ ಕಳಿಸಿದ್ದಾರೆ. ಕೆಜಿಗೆ 115ರಂತೆ 5,750ರ ಕ್ರೆಡಿಟ್ ನೋಟ್ ಬರೆದಿದ್ದೀರಿ. ವಾಪಸ್ ಪುಸ್ತಕದಲ್ಲಿ ಬಂದಿದೆ, ಒಟ್ಟು ಮೊತ್ತದಲ್ಲಿ ಸೇರಿದೆ, ಅವರ ಖಾತೆಗೆ ಇಳಿಸಿಲ್ಲ. ಇದಕ್ಕೆ ಜರ್ನಲ್ ಎಂಟ್ರಿ ಬೇಡ. ದೊಡ್ಡ ಪುಸ್ತಕ ಸರಿಯಾಗಿದೆ. ಅವರ ಖಾತೆಯಲ್ಲಿ 5,750 ಜಮಾ ಬರೆಯಿರಿ, ಸಾಕು. ಜರ್ನಲ್ ಎಂಟ್ರಿ ಹಾಕಿದರೆ ಅದೇ ವಾಪಸ್ ಎರಡು ಸಲ ಆಗುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಫರಕು ಸಿಕ್ಕ ಖುಷಿಯಲ್ಲಿ ಎರಡೂ ಕಡೆ ತಿದ್ದಿಬಿಡುತ್ತೇವೆ. ಎರಡೂ ಕಡೆ ತಿದ್ದಿದರೆ ಅದೇ ಫರಕು ಹಾಗೇ ಉಳಿಯುತ್ತದೆ.

ವಜಾ ಸಾಲು ಇದಕ್ಕೆ ತಿರುವು ಮುರುವು. ಗೋಣಿಚೀಲ ಕೊಡುವ ಕಲಬುರಗಿಯ ವ್ಯಾಪಾರಿ ನಿಮ್ಮಲ್ಲಿ ಬೇಳೆಯನ್ನೂ ಉದ್ರಿ ಒಯ್ಯುತ್ತಾರೆ. ಚೀಲದ ದುಡ್ಡು 12,000 ನೀವು ಅವರಿಗೆ ಕೊಡಬೇಕಿತ್ತು. ಮಾತಾಡಿಕೊಂಡು ಅವರ ಬೇಳೆ ಬಾಕಿಯಲ್ಲಿ ಅಷ್ಟನ್ನು ವಜಾ ಮಾಡಿದ್ದೀರಿ. ಗಿರಾಕಿ ಖಾತೆಯಲ್ಲಿ 'ಚೀಲದ ಲೆಕ್ಕ ವಜಾ' ಎಂದು ಜಮಾ ಇದೆ. ನಗದು ಕೈ ಬದಲಾಗಿಲ್ಲ, ಬ್ಯಾಂಕಿಗೂ ಹೋಗಿಲ್ಲ, ಹಾಗಾಗಿ ಯಾವ ದಿನವಹಿ ಪುಸ್ತಕದಲ್ಲೂ ಇದು ಬಂದಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಕಂಟ್ರೋಲ್ ಖಾತೆಗೂ ಬರುವುದಿಲ್ಲ. ಎಂಟ್ರಿ ಹೀಗೆ: ಕ್ರೆಡಿಟರ್ಸ್ ಕಂಟ್ರೋಲ್ ಖಾತೆಗೆ 12,000 ಡೆಬಿಟ್, ಡೆಟರ್ಸ್ ಕಂಟ್ರೋಲ್ ಖಾತೆಗೆ 12,000 ಕ್ರೆಡಿಟ್. ಹಾಗೆಯೇ ಮಾಲು ಕೊಡುವವರ ಪುಸ್ತಕ ತೆರೆದು ಅವರ ಹೆಸರಿನಲ್ಲಿ ಈ 12,000 ಕಳೆದಿದ್ದೀರಾ ನೋಡಿ. ಆ ಪುಟದ ಫೋಟೊ ನನ್ನ ಬಳಿ ಇಲ್ಲ. ಅಲ್ಲಿ ಬಿಟ್ಟಿದ್ದರೆ ಇದೇ ಚೀಲದ ಬಿಲ್ಲಿಗೆ ಇನ್ನೊಮ್ಮೆ ದುಡ್ಡು ಹೋಗುತ್ತದೆ.

ಇನ್ನೂ ಒಂದು ಉಳಿದಿದೆ. ಹಾಳೆಯ ಕೊನೆಯ ಕಾಲಂ 9,25,550 ಬಂತು. ಆದರೆ ಅದೇ ಖಾತೆಗಳಿಂದ ನೀವು ಮಾಡಿದ ಬಾಕಿ ಪಟ್ಟಿ 9,56,550. ಖಾತೆ ಅವೇ, ಮೊತ್ತ ಮಾತ್ರ ಬೇರೆ. ಅಂದರೆ ಪಟ್ಟಿ ಬರೆಯುವಾಗಲೇ 31,000 ತಪ್ಪಿದೆ. ಇಲ್ಲಿ ಅರ್ಧ ಮಾಡಿ ನೋಡಿ: 15,500. ಪಟ್ಟಿಯಲ್ಲಿ ಹುಮನಾಬಾದ್ ಗಿರಾಕಿಯ ಮುಂದೆ ಅದೇ ಅಂಕಿ ಇದೆ. ಅವರ ಖಾತೆ ತೆರೆದರೆ ಅದು ಬಾಕಿಯಲ್ಲ, ಮುಂಗಡ. ದುಡ್ಡು ಮೊದಲೇ ಕಳಿಸಿದ್ದಾರೆ, ಮಾಲು ಇನ್ನೂ ಹೋಗಿಲ್ಲ. ಕಳೆಯಬೇಕಾದ 15,500ನ್ನು ಕೂಡಿಸಿದ್ದೀರಿ, ಅದಕ್ಕೇ ಎರಡರಷ್ಟು ಫರಕು ಬಂತು. ಸರಳವಾಗಿ ಹೇಳುವುದಾದರೆ, ತಪ್ಪು ಬದಿಗೆ ಬಿದ್ದ ಯಾವ ಅಂಕಿಯಾದರೂ ತನ್ನ ಎರಡರಷ್ಟು ಫರಕು ಮಾಡುತ್ತದೆ. ಇದಕ್ಕೆ ಎಂಟ್ರಿಯೇ ಬೇಡ, ಪಟ್ಟಿ ತಿದ್ದಿದರೆ ಆಯಿತು.

ಈಗ ಕೂಡಿಸೋಣ. ಕಂಟ್ರೋಲ್ ಖಾತೆ 9,22,800ಕ್ಕೆ 9,000 ಸೇರಿಸಿ, 12,000 ಕಳೆಯಿರಿ: 9,19,800. ಪಟ್ಟಿಯ 9,56,550ರಲ್ಲಿ 31,000 ಕಳೆಯಿರಿ, 5,750 ಕಳೆಯಿರಿ: ಅದೂ 9,19,800. ತಾಳೆ ಆಯಿತು.

ಸಸ್ಪೆನ್ಸ್ ಬೇಡ ಅಂದದ್ದು ಇದಕ್ಕೇ. ಪಟ್ಟಿಗೆ ಸರಿಹೊಂದಲಿ ಎಂದು ಕಂಟ್ರೋಲ್ ಖಾತೆಗೆ 33,750 ಡೆಬಿಟ್ ಹಾಕಿ ಸಸ್ಪೆನ್ಸ್‌ಗೆ ಕ್ರೆಡಿಟ್ ಕೊಟ್ಟಿದ್ದರೆ ಬಾಕಿ 9,56,550 ಆಗುತ್ತಿತ್ತು. ನಿಜಕ್ಕೂ ಆ ಖಾತೆ 3,000 ಇಳಿಯಬೇಕಿತ್ತು, ನೀವು ಏರಿಸುತ್ತಿದ್ದಿರಿ. ಯಾವ ಗಿರಾಕಿಯೂ ಕೊಡಬೇಕಿಲ್ಲದ ದುಡ್ಡು ವರ್ಷದ ಕೊನೆಯ ಲೆಕ್ಕದಲ್ಲಿ ಆಸ್ತಿಯಾಗಿ ಕೂರುತ್ತಿತ್ತು. ಅಂದ ಹಾಗೆ ಬ್ಯಾಲೆನ್ಸ್ ಶೀಟ್‌ನಲ್ಲಿ 9,19,800 ಎಂದು ಒಂದೇ ಸಾಲು ಬರೆಯಬೇಡಿ. ಬರಬೇಕಾದ ಬಾಕಿ 9,35,300 ಒಂದು ಕಡೆ, ಹುಮನಾಬಾದ್‌ನವರ ಮುಂಗಡ 15,500 ಹೊಣೆಗಳ ಕಡೆ.

ತಾಳೆ ಆದ ಮೇಲೆ ಪುಸ್ತಕ ಮುಚ್ಚಬೇಡಿ. ತಾಳೆಯಿಂದ ಹೊರಗೇ ಉಳಿಯುವ ತಪ್ಪುಗಳೂ ಇವೆ, ನಿಮ್ಮ ಪುಸ್ತಕದಲ್ಲೇ ಎರಡು ಕಂಡೆ.

ಮಾರಾಟ ಪುಸ್ತಕದಲ್ಲಿ ಬಿಲ್ಲು ನಂಬರ್ 1147 ಆದ ಮೇಲೆ 1149 ಇದೆ. ನಡುವಿನ 1148 ಎಲ್ಲೂ ಇಲ್ಲ. ಬಿಲ್ಲು ಪುಸ್ತಕದ ಕಾರ್ಬನ್ ಪ್ರತಿಯಲ್ಲಿ ಅದು ಯಾದಗಿರಿಗೆ ಹೋದ 18,600ರ ಉದ್ರಿ ಬಿಲ್ಲು. ಮಾರಾಟ ಪುಸ್ತಕಕ್ಕೇ ಬಾರದ ಕಾರಣ ಎರಡು ದಾರಿಗೂ ಹೋಗಿಲ್ಲ. ಎರಡೂ ಕಡೆ ಸಮನಾಗಿ ಕಡಿಮೆ ಇತ್ತು, ಫರಕು ಹುಟ್ಟಲೇ ಇಲ್ಲ. ಕಾರ್ಬನ್ ಪ್ರತಿಯ ಮೇಲೆ ರದ್ದು ಎಂದು ಬರೆದಿಲ್ಲ. ಆದರೂ ಗೋದಾಮಿನಿಂದ ಮಾಲು ಹೊರಟ ಚೀಟಿ ನೋಡಿ, ಆಮೇಲೆ ಬರೆಯಿರಿ. ಹೋಗಿದ್ದರೆ ಕಂಟ್ರೋಲ್ ಖಾತೆಗೂ ಯಾದಗಿರಿ ಗಿರಾಕಿಗೂ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್. ಆಗ ಎರಡೂ ಕಡೆ 9,38,400 ಆಗುತ್ತದೆ. ಪ್ರತಿ ತಿಂಗಳು ತಾಳೆಗೆ ಮೊದಲು ಬಿಲ್ಲು ನಂಬರ್‌ಗಳ ಸರಪಳಿ ನೋಡುವುದು ಹತ್ತು ನಿಮಿಷದ ಕೆಲಸ.

ಎರಡನೆಯದು. ಸೇಡಂನ ಒಂದು ಕಿರಾಣಿ ಅಂಗಡಿ, ಆಳಂದದ ಇನ್ನೊಂದು, ಎರಡಕ್ಕೂ ಶರಣಬಸವೇಶ್ವರರ ಹೆಸರು. ಮಾರ್ಚ್ 14ರ ಜಮಾ ಕ್ಯಾಶ್ ಬುಕ್‌ನಲ್ಲಿ ಸೇಡಂ ಎಂದಿದೆ, ಖಾತೆ ಪುಸ್ತಕದಲ್ಲಿ ಆಳಂದದ ಪುಟಕ್ಕೆ ಇಳಿದಿದೆ. ಒಟ್ಟು ಮೊತ್ತ ಬದಲಾಗುವುದಿಲ್ಲ, ತಾಳೆಯೂ ಕೆಡುವುದಿಲ್ಲ. ಕೊಟ್ಟ ದುಡ್ಡನ್ನು ಮತ್ತೆ ಕೇಳಿಸಿಕೊಳ್ಳುವ ಸೇಡಂನವರಿಗೆ ಮಾತ್ರ ಬೇಜಾರು. ಖಾತೆಯ ತಲೆಬರಹದಲ್ಲಿ ಹೆಸರಿನ ಜೊತೆ ಊರು ಮತ್ತು ಒಂದು ಖಾತೆ ನಂಬರ್ ಬರೆಯಿರಿ. ರಸೀದಿಯ ಮೇಲೂ ಅದೇ ನಂಬರ್ ಹಾಕಿ.

ಈ ತರಹದ ಎಂಟ್ರಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಹಳ ಹಿಂದೆ ಬೀದರ್‌ನ ಒಂದು ಅಂಗಡಿಯ ಲೆಕ್ಕ ನೋಡುತ್ತಿದ್ದೆ. ತಿಂಗಳು ತಿಂಗಳು ತಾಳೆ ಚೊಕ್ಕ. ಒಂದು ದಿನ ಭಾಲ್ಕಿಯ ಗಿರಾಕಿ ಫೋನ್ ಮಾಡಿದರು. 4ನೇ ತಾರೀಕು ಕೊಟ್ಟ ದುಡ್ಡು ನನ್ನ ಖಾತೆಗೆ 19ಕ್ಕೆ ಯಾಕೆ ಜಮಾ ಆಯಿತು ಅಂತ ಕೇಳಿದರು. ವಸೂಲಿಗೆ ಹೋಗುತ್ತಿದ್ದವರೇ ಖಾತೆಯನ್ನೂ ಬರೆಯುತ್ತಿದ್ದರು. ಒಬ್ಬರ ದುಡ್ಡು ಇಟ್ಟುಕೊಂಡು, ಮುಂದೆ ಬಂದ ಇನ್ನೊಬ್ಬರ ದುಡ್ಡನ್ನು ಮೊದಲನೆಯವರ ಹೆಸರಿಗೆ ಹಾಕುತ್ತಿದ್ದರು. ಕ್ಯಾಶ್ ಬುಕ್‌ಗೂ ಖಾತೆಗೂ ಒಂದೇ ದಿನ ಒಂದೇ ಮೊತ್ತ ಬರುತ್ತಿದ್ದರಿಂದ ಕಂಟ್ರೋಲ್ ಖಾತೆ ಏನೂ ಹೇಳಲಿಲ್ಲ. ಅವತ್ತಿನಿಂದ ನಾನು ತಾಳೆಯ ಜೊತೆಗೆ ಗಿರಾಕಿಗಳಿಗೆ ಬಾಕಿ ಚೀಟಿ ಕಳಿಸಿ ಒಪ್ಪಿಗೆ ಪಡೆಯಿರಿ ಅಂತ ಹೇಳುತ್ತೇನೆ. ಚೀಟಿಯಲ್ಲಿ ಬರೀ ಬಾಕಿ ಸಾಲದು, ಪ್ರತಿ ಜಮಾದ ತಾರೀಕೂ ಇರಬೇಕು. ಚೀಟಿ ಕಳಿಸುವವರು ವಸೂಲಿ ಮಾಡುವವರಾಗಿರಬಾರದು.

ನಿಮ್ಮ ಮಾಲೀಕರು ಮುಂದಿನ ವರ್ಷ ಎಲ್ಲವನ್ನೂ ಟ್ಯಾಲಿಗೆ ಹಾಕುತ್ತಾರೆ ಅಂತ ಬರೆದಿದ್ದೀರಿ. ಒಂದು ವಿಷಯ ಈಗಲೇ ತಿಳಿದಿರಲಿ. ಅಲ್ಲಿ Sundry Debtors ಅನ್ನುವುದು ಒಂದು ಗುಂಪು, ಅದರ ಒಳಗಿನ ಗಿರಾಕಿ ಲೆಡ್ಜರ್‌ಗಳನ್ನು ಕೂಡಿಸಿಯೇ ಅದರ ಬಾಕಿ ಬರುತ್ತದೆ. ಹಾಗಾಗಿ ಗುಂಪು ಮತ್ತು ಗಿರಾಕಿಗಳ ಮೊತ್ತ ಯಾವಾಗಲೂ ಒಂದೇ. ಆ ತಾಳೆ ಪರೀಕ್ಷೆಯಲ್ಲ. ಪುಟದ ಮೊತ್ತ ತಪ್ಪುವುದು, ಖಾತೆಗೆ ಇಳಿಸುವುದು ಮರೆಯುವುದು ನಿಲ್ಲುತ್ತದೆ. ಬಿಟ್ಟುಹೋದ ಬಿಲ್ಲು, ತಪ್ಪು ಗಿರಾಕಿಗೆ ಬಿದ್ದ ಜಮಾ ನಿಲ್ಲುವುದಿಲ್ಲ. ಅಲ್ಲಿ ಹೋಲಿಸಲು ಹೊರಗಿನ ಮೊತ್ತ ಬೇಕು: ಬಿಲ್ಲು ನಂಬರ್ ಸರಪಳಿ, ಗೋದಾಮಿನ ಚೀಟಿ, ಗಿರಾಕಿಯ ಒಪ್ಪಿಗೆ. ಟ್ಯಾಲಿಗೆ ಆರಂಭದ ಬಾಕಿ ಹಾಕುವಾಗ ಹುಮನಾಬಾದ್‌ನವರ 15,500ನ್ನು Cr ಎಂದೇ ಹಾಕಿ. ಅಲ್ಲಿ Dr ಬಿದ್ದರೆ 31,000ದ ಅದೇ ಫರಕು ಹೊಸ ಪುಸ್ತಕಕ್ಕೂ ಬರುತ್ತದೆ.

ಜರ್ನಲ್ ಎಂಟ್ರಿಗಳನ್ನು ಮಾರ್ಚ್ 31ರ ತಾರೀಕಿಗೇ ಹಾಕಿ. ವಿವರದಲ್ಲಿ ಮಾರಾಟ ಪುಸ್ತಕದ ಪುಟ ನಂಬರ್, ಚೀಲದ ಬಿಲ್ಲಿನ ನಂಬರ್ ಬರೆಯಿರಿ. ತಿದ್ದುಪಡಿಗಳನ್ನು ಸೇರಿಸಿದ ತಾಳೆಯ ಹಾಳೆಯನ್ನು ಪ್ರಿಂಟ್ ತೆಗೆದು ಮಾಲೀಕರ ಸಹಿ ಹಾಕಿಸಿ, ಮಾರ್ಚ್ ಬಿಲ್ಲುಗಳ ಕಟ್ಟಿನ ಮೇಲೆ ಪಿನ್ ಮಾಡಿ ಇಡಿ. ಏಪ್ರಿಲ್ ತಾಳೆ ಅದೇ ಹಾಳೆಯ ಕೊನೆಯ ಕಾಲಂನಿಂದ ಶುರುವಾಗುತ್ತದೆ.